ಐದು ವರ್ಷದ ಕಮಿಟ್‌ಗಳು, ಹೊಸಬರಿಗೆ ಒಂದೇ ಪುಟ

ಗಿಟ್ ತಂತ್ರಾಂಶದ ಮೂಲ ಕೋಡನ್ನು ಮೊದಲ ಸಲ ತೆರೆದು ನೋಡುವವರಿಗೆ `struct object_id` ಎಂಬ ಹೆಸರು ಕಡತ ಕಡತದಲ್ಲೂ ಎದುರಾಗುತ್ತದೆ. ಹಳೆಯ ಲೇಖನಗಳಲ್ಲಿ ಇದೇ ಕೋಡಿನ ತುಣುಕುಗಳನ್ನು ನೋಡಿದ್ದವರಿಗೆ ಗೊಂದಲ ಇನ್ನೂ ಹೆಚ್ಚು. ಅಲ್ಲೆಲ್ಲ ಇದೇ ಜಾಗದಲ್ಲಿ `unsigned char sha1[20]` ಎಂದಿರುತ್ತದೆ. ಇದು ಯಾವಾಗ ಬದಲಾಯಿತು, ಯಾಕೆ ಬದಲಾಯಿತು, ಬದಲಾವಣೆ ಮುಗಿದಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ಆ ಕೋಡಿಗೆ ಕೈ ಹಚ್ಚುವುದು ಕಷ್ಟ. ಉತ್ತರದ ಬಹುಪಾಲು ಆ ಯೋಜನೆಯ ಇತಿಹಾಸದಲ್ಲಿಯೇ ಇದೆ. ಆದರೆ ಆ ಇತಿಹಾಸದಲ್ಲಿರುವ ಕಮಿಟ್‌ಗಳ ಸಂಖ್ಯೆ 70 ಸಾವಿರ ದಾಟಿದೆ.

ಗಿಟ್ ಎಂದರೆ ಕೋಡಿನಲ್ಲಿ ಆದ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ. ಲಿನಕ್ಸ್ ಕರ್ನಲ್‌ನ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ಬರೆದರು. ಅದೇ ವರ್ಷದ ಜುಲೈನಲ್ಲಿ ಜುನಿಯೊ ಹಮಾನೊ ಅದರ ಉಸ್ತುವಾರಿ ವಹಿಸಿಕೊಂಡರು. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ಮಾಡುವ ಕೆಲಸಗಳಲ್ಲಿ ತಂಡದ ರೆಪಾಸಿಟರಿಯನ್ನು ಗಿಟ್ ಮೂಲಕ ಇಳಿಸಿಕೊಳ್ಳುವುದೂ ಒಂದು. ಒಂದು ಕಮಿಟ್‌ನಲ್ಲಿ ಯಾವ ಸಾಲು ಹೋಯಿತು, ಯಾವುದು ಬಂತು ಎಂಬ ವಿವರ ಇರುತ್ತದೆ. ಬರೆದವರ ಹೆಸರು, ದಿನಾಂಕ, ಒಂದು ಸಂದೇಶ ಇರುತ್ತವೆ. ಜೊತೆಗೆ ಆ ಕಮಿಟ್‌ನ ಗುರುತಿಗೆ ಒಂದು ಉದ್ದನೆಯ ಸಂಕೇತ ಇರುತ್ತದೆ.

ಹೊಸಬರಿಗೆ ಕೆಟಿ ಕೊಡುವಾಗ, ಅಂದರೆ ಹಳಬರು ಕೂತು ಕೆಲಸ ವಿವರಿಸುವಾಗ, "ಎಲ್ಲ ಗಿಟ್ ಲಾಗ್‌ನಲ್ಲೇ ಇದೆ, ನೋಡಿಕೊಳ್ಳಿ" ಎನ್ನುವುದು ಸಾಮಾನ್ಯ. ಮಾತೇನೋ ನಿಜ. ಆದರೆ ಲಾಗ್ ಎಂಬುದು ಅಂಗಡಿಯ ಕಿರ್ದಿ ಪುಸ್ತಕ ಇದ್ದ ಹಾಗೆ: ವ್ಯವಹಾರ ನಡೆದ ಕ್ರಮದಲ್ಲಿ ಒಂದರ ಕೆಳಗೊಂದು ಸಾಲು. ಒಬ್ಬ ಗಿರಾಕಿಯ ಬಾಕಿ ಎಷ್ಟೆಂದು ಕೇಳಿದರೆ ಕಿರ್ದಿ ತಟ್ಟನೆ ಹೇಳಲಾರದು. ಹೆಸರುವಾರು ಖಾತೆಗೆ ಏರಿಸಿದ ಮೇಲಷ್ಟೇ ಲೆಕ್ಕ ಕಾಣುತ್ತದೆ. ಕಮಿಟ್ ಇತಿಹಾಸದ ಸಾರಾಂಶ ಬರೆಯುವುದೆಂದರೆ ಹೀಗೆ ಖಾತೆಗೆ ಏರಿಸುವ ಕೆಲಸವೇ. ಗಿಟ್‌ನ ಇತಿಹಾಸದಿಂದ `object_id`ಯ ಕಥೆಯನ್ನು ಹೊರತೆಗೆದು ನೋಡಿದರೆ ಆ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಎಡವುತ್ತದೆ ಎರಡೂ ತಿಳಿಯುತ್ತವೆ.

ದಾರಿ ಕಿರಿದು ಮಾಡುವುದು

70 ಸಾವಿರ ಕಮಿಟ್‌ಗಳನ್ನು ಓದುವವರು ಯಾರೂ ಇಲ್ಲ. ಓದುವ ಅಗತ್ಯವೂ ಇಲ್ಲ. ಹೆಚ್ಚಿನ ತಂಡಗಳಲ್ಲಿ ಹೊಸ ಕೆಲಸ ಮೊದಲು ಒಂದು ಪ್ರತ್ಯೇಕ ಬ್ರಾಂಚ್‌ನಲ್ಲಿ ನಡೆದು, ಮುಗಿದ ಮೇಲೆ ಮುಖ್ಯ ಬ್ರಾಂಚ್‌ಗೆ ಮರ್ಜ್ ಆಗುತ್ತದೆ. ಆ ಬ್ರಾಂಚ್‌ನೊಳಗೆ ಹತ್ತು ಕಮಿಟ್ ಇರಲಿ, ಐವತ್ತಿರಲಿ, ಮುಖ್ಯ ದಾರಿಯಲ್ಲಿ ಕಾಣುವುದು ಒಂದೇ ಮರ್ಜ್ ಕಮಿಟ್. ಹಾಗಾಗಿ ಮೊದಲು ಮುಖ್ಯ ದಾರಿಯಲ್ಲಿ ಮಾತ್ರ ನಡೆದು, ಒಳದಾರಿಗಳನ್ನು ಆಮೇಲೆ ನೋಡುವುದು ಒಳ್ಳೆಯದು:

```
git log --first-parent --merges --format='%cs %s' v2.12.0..v2.13.0
```

ಇದರ ಅರ್ಥ ಇಷ್ಟೇ: 2.12 ಮತ್ತು 2.13ನೇ ಆವೃತ್ತಿಗಳ ನಡುವೆ ಮುಖ್ಯ ದಾರಿಗೆ ಬಂದು ಸೇರಿದ ಮರ್ಜ್‌ಗಳನ್ನು ಮಾತ್ರ, ದಿನಾಂಕ ಮತ್ತು ಶೀರ್ಷಿಕೆಯೊಂದಿಗೆ ತೋರಿಸು. 2017ರ ಫೆಬ್ರುವರಿಯಿಂದ ಮೇವರೆಗಿನ ಕೆಲಸ ಆಗ ಓದಬಹುದಾದ ಒಂದು ಪಟ್ಟಿಯಾಗುತ್ತದೆ.

ಗಿಟ್ ಯೋಜನೆಯಲ್ಲಿ ಇನ್ನೂ ಒಂದು ಅನುಕೂಲವಿದೆ. ಬ್ರಾಂಚ್‌ನ ಹೆಸರು ಬರೆದವರ ಹೆಸರಿನ ಮೊದಲಕ್ಷರಗಳಿಂದ ಶುರುವಾಗಿ, ಒಂದು ಓರೆ ಗೆರೆಯ ನಂತರ ವಿಷಯವನ್ನು ಹೇಳುತ್ತದೆ. `bc/object-id` ಎಂದರೆ ಬ್ರಯಾನ್ ಎಂ. ಕಾರ್ಲ್‌ಸನ್ ಅವರು ಈ ವಿಷಯದ ಮೇಲೆ ಮಾಡಿದ ಕೆಲಸ. ಅದೇ ಹೆಸರಿನ ಬ್ರಾಂಚ್ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಮರ್ಜ್ ಆಗಿದೆ. ಮರ್ಜ್ ಕಮಿಟ್‌ನ ಒಳಗೆ ಹಮಾನೊ ಅವರು ಬರೆದ ಒಂದೆರಡು ವಾಕ್ಯಗಳೂ ಇರುತ್ತವೆ. ಸಾರಾಂಶ ಬರೆಯುವವರಿಗೆ ಅರ್ಧ ಕೆಲಸ ಆಗಲೇ ಮುಗಿದಂತೆ.

ನಿಮ್ಮ ತಂಡ ಇಷ್ಟು ಶಿಸ್ತಿನಲ್ಲಿ ಮರ್ಜ್ ಮಾಡುವುದಿಲ್ಲವಾದರೆ? ಆಗ ಕೋಡಿನ ಒಂದು ಪದವನ್ನೇ ಹಿಡಿದು ಹಿಂದಕ್ಕೆ ಹೋಗಬೇಕು.

```
git log --reverse --format='%h %as %s' -S'struct object_id {'
```

`-S` ಎಂಬ ಆಯ್ಕೆ ಆ ಪದಗುಚ್ಛ ಕೋಡಿನಲ್ಲಿ ಎಷ್ಟು ಸಲ ಇದೆ ಎಂಬ ಎಣಿಕೆ ಬದಲಾದ ಕಮಿಟ್‌ಗಳನ್ನು ಮಾತ್ರ ಹುಡುಕುತ್ತದೆ. ದೊಡ್ಡ ರೆಪಾಸಿಟರಿಯಲ್ಲಿ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ, ಆದರೆ ಪಟ್ಟಿಯ ಮೊದಲ ಸಾಲೇ ಹುಟ್ಟಿದ ದಿನವನ್ನು ಹೇಳಿಬಿಡುತ್ತದೆ. ಈ ಹುಡುಕಾಟ 2015ರ ಮಾರ್ಚ್‌ಗೆ ಕರೆದೊಯ್ಯುತ್ತದೆ. ಆ ತಿಂಗಳ ನೆನಪಿಟ್ಟುಕೊಳ್ಳಬೇಕು. ಮುಂದೆ ಅದೇ ಒಂದು ತಪ್ಪು ಕಥೆಯನ್ನು ಬೀಳಿಸುತ್ತದೆ.

ಈ ಹಂತದಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಗಾತ್ರವನ್ನು ಮಹತ್ವ ಎಂದು ತಿಳಿಯುವುದು. `unsigned char [20]` ಇದ್ದಲ್ಲೆಲ್ಲ `struct object_id` ಹಾಕುವ ಕೆಲಸದ ಒಂದು ಭಾಗವನ್ನು ಕೊಕ್ಸಿನೆಲ್ ಎಂಬ ಉಪಕರಣಕ್ಕೆ ನಿಯಮ ಬರೆದುಕೊಟ್ಟು ಮಾಡಿಸಲಾಯಿತು. ಯಂತ್ರ ಮಾಡಿದ ಇಂಥ ಕಮಿಟ್ ಒಂದರಲ್ಲಿ ಹತ್ತಾರು ಕಡತಗಳು ಬದಲಾಗಿರಬಹುದು, ಆದರೂ ತಂತ್ರಾಂಶದ ನಡವಳಿಕೆ ಎಳ್ಳಷ್ಟೂ ಬದಲಾಗಿರುವುದಿಲ್ಲ. ಇನ್ನೊಂದೆಡೆ ಒಂದೇ ಸಾಲಿನ ಬದಲಾವಣೆ ತಂತ್ರಾಂಶದ ಸ್ವಭಾವವನ್ನೇ ತಿರುಗಿಸಬಹುದು. ಆದ್ದರಿಂದ ಪ್ರತಿ ಗುಂಪಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕಮಿಟ್‌ಗಳಿಂದ ಬಳಸುವವರಿಗೆ ಅಥವಾ ಕೋಡ್ ಬರೆಯುವವರಿಗೆ ಏನು ಬೇರೆಯಾಯಿತು? ಏನೂ ಬೇರೆಯಾಗಿಲ್ಲ ಎಂದಾದರೆ ನೂರು ಕಮಿಟ್‌ಗಳು ಸಾರಾಂಶದಲ್ಲಿ ಒಂದು ವಾಕ್ಯವಾಗಬಹುದು.

ಏಕೆ ಎಂಬುದು ಎಲ್ಲಿ ಸಿಗುತ್ತದೆ

ಏನು ಬದಲಾಯಿತು ಎಂಬುದನ್ನು ಕೋಡೇ ಹೇಳುತ್ತದೆ. ಏಕೆ ಎಂಬುದನ್ನು ಮನುಷ್ಯರು ಬರೆದಿಟ್ಟಿದ್ದರೆ ಮಾತ್ರ ಉಂಟು. ಸಾರಾಂಶಗಳು ಹೆಚ್ಚಾಗಿ ಹಾಳಾಗುವುದು ಇಲ್ಲಿಯೇ, ಯಾಕೆಂದರೆ ಬರೆದಿಟ್ಟಿಲ್ಲದ ಕಾರಣವನ್ನು ಬರೆಯುವವರ ಮನಸ್ಸು ತಾನಾಗಿ ತುಂಬಿಕೊಡುತ್ತದೆ.

`object_id` ವಿಷಯದಲ್ಲಿ ಹಾಗೆ ತುಂಬಿಕೊಳ್ಳಲು ಒಂದು ಸಿದ್ಧ ಕಥೆ ಕಾಯುತ್ತಿದೆ. ಗಿಟ್ ತನ್ನ ಪ್ರತಿ ಕಮಿಟ್‌ಗೂ ಕಡತಕ್ಕೂ ಕೊಡುವ ಗುರುತಿನ ಸಂಕೇತವನ್ನು ಎಸ್‌ಎಚ್‌ಎ-1 ಎಂಬ ಗಣಿತ ವಿಧಾನದಿಂದ ಲೆಕ್ಕ ಹಾಕುತ್ತದೆ. ಅದು 20 ಬೈಟ್ ಉದ್ದ. ಪರದೆಯ ಮೇಲೆ 40 ಅಕ್ಷರ. ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಸಂಕೇತ ಬರುವಂತೆ ಯಾರೂ ಮಾಡಲಾಗದು ಎಂಬ ನಂಬಿಕೆಯ ಮೇಲೆ ಆ ವಿಧಾನ ನಿಂತಿತ್ತು. 2017ರ ಫೆಬ್ರುವರಿ 23ರಂದು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಸಂಕೇತವಿರುವ ಎರಡು ಬೇರೆ ಪಿಡಿಎಫ್‌ಗಳನ್ನು ಪ್ರಕಟಿಸಿದರು. ಆ ದಾಳಿಗೆ ಶ್ಯಾಟರ್ಡ್ ಎಂದು ಹೆಸರಿಟ್ಟರು. ಇವತ್ತು ಗಿಟ್ ಎಸ್‌ಎಚ್‌ಎ-256 ಎಂಬ ಇನ್ನೂ ಉದ್ದದ ಸಂಕೇತವನ್ನೂ ಬಳಸಬಲ್ಲದು. ಎರಡನ್ನೂ ಪಕ್ಕಪಕ್ಕ ಇಟ್ಟರೆ "2017ರಲ್ಲಿ ಎಸ್‌ಎಚ್‌ಎ-1 ಮುರಿದುಬಿತ್ತು, ಹಾಗಾಗಿ ಗಿಟ್ `struct object_id` ತಂದಿತು" ಎಂಬ ವಾಕ್ಯ ತಾನಾಗಿ ಬಂದುಬಿಡುತ್ತದೆ. ಓದಲು ಸರಾಗ, ನೆನಪಿಡಲು ಸುಲಭ, ಆದರೆ ತಪ್ಪು.

ತಪ್ಪೆಂದು ಹೇಳುವುದು ದಿನಾಂಕ. `struct object_id` ಬಂದದ್ದು 2015ರ ಮಾರ್ಚ್‌ನಲ್ಲಿ, ಆ ಪಿಡಿಎಫ್‌ಗಳಿಗಿಂತ ಸುಮಾರು ಎರಡು ವರ್ಷ ಮುಂಚೆ. ಆ ಕಮಿಟ್‌ನ ಸಂದೇಶವನ್ನು ತೆರೆದು ಓದಿದರೆ ಅಲ್ಲಿ ಕೊಟ್ಟಿರುವ ಕಾರಣಗಳು ಬೇರೆಯೇ. 20 ಎಂಬ ಸಂಖ್ಯೆಯನ್ನು ಕೋಡಿನ ತುಂಬ ನೇರವಾಗಿ ಬರೆದಿಟ್ಟಿದ್ದಾರೆ. ಒಂದು ಬೈಟ್ ಸಾಲನ್ನು ನೋಡಿದರೆ ಅದು ಗುರುತಿನ ಸಂಕೇತವೋ ಬೇರೇನೋ ಎಂದು ತಿಳಿಯುವುದಿಲ್ಲ. ಅದಕ್ಕೊಂದು ಸ್ವಂತ ರಚನೆ ಕೊಟ್ಟರೆ ತಪ್ಪು ಬಳಕೆಯನ್ನು ಕಂಪೈಲರ್ ಹಿಡಿಯುತ್ತದೆ. ಅಂದರೆ ಮೊದಲ ಹೆಜ್ಜೆ ಕೋಡನ್ನು ಸ್ವಚ್ಛ ಮಾಡುವುದಾಗಿತ್ತು.

ಹಾಗಾದರೆ ಎಸ್‌ಎಚ್‌ಎ-1 ದುರ್ಬಲವೆಂಬ ಅರಿವು 2015ರಲ್ಲಿ ಯಾರಿಗೂ ಇರಲಿಲ್ಲವೇ? ಖಂಡಿತ ಇತ್ತು. ಚೀನಾದ ವಾಂಗ್ ಶಿಯಾವ್‌ಯುನ್ ಅವರ ತಂಡ 2005ರಲ್ಲೇ ಅದರ ಬಿರುಕನ್ನು ತೋರಿಸಿತ್ತು. ಹಾಗಾಗಿ ಬೇರೆ ವಿಧಾನಕ್ಕೆ ಹೋಗುವ ಯೋಚನೆ ಹಿನ್ನೆಲೆಯಲ್ಲಿ ಇದ್ದಿರಬಹುದು. ಸಾರಾಂಶ ಬರೆಯುವವರು ಅದನ್ನೂ ಬರೆಯಬಹುದು, ಆದರೆ ಊಹೆ ಎಂದು ಗುರುತು ಹಾಕಿ. ಕೈಗೆ ಸಿಕ್ಕಿದ ಕಾರಣವನ್ನು ಮೂರು ಬಗೆಯಾಗಿ ಬೇರ್ಪಡಿಸಿಟ್ಟರೆ ಸಾಕು: ಕಮಿಟ್ ಸಂದೇಶದಲ್ಲಿ ಇರುವುದು, ವಿನ್ಯಾಸದ ದಾಖಲೆಯಲ್ಲಿ ಅಥವಾ ಬಿಡುಗಡೆ ಟಿಪ್ಪಣಿಯಲ್ಲಿ ಇರುವುದು, ಮತ್ತು ದಿನಾಂಕಗಳನ್ನು ಜೋಡಿಸಿ ನಾವು ಊಹಿಸಿದ್ದು. ಹೊಸಬರು ಮುಂದೆ ಆ ಊಹೆಯ ಮೇಲೆ ನಿರ್ಧಾರ ತೆಗೆದುಕೊಳ್ಳುವ ಮೊದಲು ಹಳಬರೊಬ್ಬರನ್ನು ಕೇಳುತ್ತಾರೆ.

2017ರ ಘಟನೆಯ ನೇರ ಪರಿಣಾಮ ಏನೆಂಬುದೂ ದಾಖಲೆಯಲ್ಲಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಬಂದ 2.13ನೇ ಆವೃತ್ತಿಯ ಬಿಡುಗಡೆ ಟಿಪ್ಪಣಿಯ ಪ್ರಕಾರ, ಇಂಥ ನಕಲಿ ಜೋಡಿಯನ್ನು ಪತ್ತೆಹಚ್ಚುವ ಎಸ್‌ಎಚ್‌ಎ-1 ಕೋಡನ್ನು ಗಿಟ್‌ಗೆ ಸೇರಿಸಿ, ತಾನಾಗಿಯೇ ಅದು ಕೆಲಸ ಮಾಡುವಂತೆ ಮಾಡಲಾಯಿತು. ಮಾರ್ಕ್ ಸ್ಟೀವನ್ಸ್ ಮತ್ತು ಡ್ಯಾನ್ ಶುಮೊ ಬರೆದ ಕೋಡ್ ಅದು. ಎಸ್‌ಎಚ್‌ಎ-1ನ್ನು ಬಿಟ್ಟು ಹೋಗುವ ವಿವರವಾದ ಯೋಜನೆಯೂ ಆ ವರ್ಷವೇ ದಾಖಲೆಯಾಯಿತು. `Documentation/technical` ಎಂಬ ಜಾಗದಲ್ಲಿ ಇಟ್ಟ ಆ ದಾಖಲೆಯಲ್ಲಿ ಮುಂದಿನ ವಿಧಾನ ಯಾವುದೆಂದು ಮೊದಲು ತೆರೆದೇ ಬಿಟ್ಟಿದ್ದರು. 2018ರಲ್ಲಿ ಅದು ಎಸ್‌ಎಚ್‌ಎ-256 ಎಂದು ನಿಶ್ಚಯವಾಯಿತು.

ಯಾವಾಗ ಎಂಬುದಕ್ಕೆ ಉತ್ತರ ಒಂದೇ ಅಲ್ಲ

ಗಿಟ್ ಪ್ರತಿ ಕಮಿಟ್‌ಗೂ ಎರಡು ದಿನಾಂಕ ಇಡುತ್ತದೆ. ಒಂದು, ಬರೆದವರು ಬದಲಾವಣೆಯನ್ನು ಬರೆದ ದಿನ. `%as` ಎಂದು ಕೇಳಿದರೆ ಅದು ಕಾಣುತ್ತದೆ. ಇನ್ನೊಂದು, ಅದು ಈಗಿನ ರೂಪದಲ್ಲಿ ರೆಪಾಸಿಟರಿಯೊಳಗೆ ಕೂತ ದಿನ, ಅದಕ್ಕೆ `%cs`. ರೀಬೇಸ್ ಮಾಡಿದಾಗ, ಅಂದರೆ ಕಮಿಟ್‌ಗಳನ್ನು ಹೊಸ ನೆಲೆಯ ಮೇಲೆ ಮತ್ತೆ ಜೋಡಿಸಿದಾಗ, ಮೊದಲನೆಯದು ಹಾಗೇ ಉಳಿದು ಎರಡನೆಯದು ಬದಲಾಗುತ್ತದೆ. ಎರಡರ ನಡುವೆ ತಿಂಗಳುಗಳ ಅಂತರ ಇರುವುದು ಅಪರೂಪವಲ್ಲ.

ಬಳಸುವವರಿಗೆ ಮುಖ್ಯವಾದದ್ದು ಮೂರನೆಯ ದಿನಾಂಕ: ಬಿಡುಗಡೆಯ ದಿನ. ಇದು ಎಷ್ಟು ಮುಖ್ಯ ಎಂಬುದಕ್ಕೆ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಒಳ್ಳೆಯ ಉದಾಹರಣೆ. ದೋಷವಿದ್ದ ಕೋಡ್ ರೆಪಾಸಿಟರಿಗೆ ಬಂದದ್ದು 2011ರ ಡಿಸೆಂಬರ್ 31ರ ದಿನಾಂಕದ ಕಮಿಟ್‌ನಲ್ಲಿ. ಆ ಕಮಿಟ್‌ನ ಸಂದೇಶ ಹಾರ್ಟ್‌ಬೀಟ್ ಸೌಲಭ್ಯ ಸೇರಿಸಿದ್ದೇವೆ ಎಂದು ಚುಟುಕಾಗಿ ಹೇಳುತ್ತದೆ. ಅದು ಜನರ ಸರ್ವರ್‌ಗಳಿಗೆ ಹೋದದ್ದು 2012ರ ಮಾರ್ಚ್ 14ರಂದು ಬಿಡುಗಡೆಯಾದ 1.0.1 ಆವೃತ್ತಿಯೊಂದಿಗೆ. ಸರಿಪಡಿಸಿದ 1.0.1g ಬಂದದ್ದು 2014ರ ಏಪ್ರಿಲ್ 7ರಂದು. ನಮ್ಮ ಸರ್ವರ್ ಎಷ್ಟು ಕಾಲ ಅಪಾಯದಲ್ಲಿತ್ತು ಎಂದು ಲೆಕ್ಕ ಹಾಕುವವರು ಕಮಿಟ್‌ನ ದಿನದಿಂದ ಎಣಿಸಿದರೆ ಎರಡೂವರೆ ತಿಂಗಳು ಹೆಚ್ಚಾಗಿ ಬರುತ್ತದೆ.

ಒಂದು ಕಮಿಟ್ ಯಾವ ಬಿಡುಗಡೆಯೊಳಗೆ ಬಂತೆಂದು ತಿಳಿಯಲು ಹೀಗೆ ಕೇಳಬಹುದು. `HASH` ಇರುವಲ್ಲಿ ಕಮಿಟ್‌ನ ಸಂಕೇತ ಬರೆಯಬೇಕು:

```
git tag --contains HASH
```

ಆ ಕಮಿಟ್ ಇರುವ ಎಲ್ಲ ಬಿಡುಗಡೆಗಳ ಹೆಸರೂ ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಸಾರಾಂಶಕ್ಕೆ ತೆಗೆದುಕೊಳ್ಳಬೇಕು. ತಂಡ ಟ್ಯಾಗ್ ಹಾಕುವ ರೂಢಿ ಇಟ್ಟುಕೊಂಡಿಲ್ಲ ಎಂದಾದರೆ ಈ ಉತ್ತರ ಗಿಟ್‌ನಲ್ಲಿ ಸಿಗದು. ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡಿದ ದಾಖಲೆಯನ್ನು ಬೇರೆಡೆ ಹುಡುಕಬೇಕು.

ಸಿದ್ಧವಾದ ಪುಟ

ಇಷ್ಟೆಲ್ಲ ಹುಡುಕಿದ ಮೇಲೆ ಹೊಸಬರ ಕೈಗೆ ಕೊಡುವ ಬರಹ ಚಿಕ್ಕದಾಗಿಯೇ ಇರಬೇಕು. `object_id`ಯ ಖಾತೆ ಹೀಗಿರಬಹುದು:

*2015 ಮಾರ್ಚ್.* ಗುರುತಿನ ಸಂಕೇತಕ್ಕೆ `struct object_id` ಎಂಬ ರಚನೆ ಬಂತು. ಕಾರಣ: 20 ಎಂಬ ಸಂಖ್ಯೆ ಎಲ್ಲೆಡೆ ಹರಡಿತ್ತು, ತಪ್ಪು ಬಳಕೆ ಹಿಡಿಯುವುದು ಕಷ್ಟವಾಗಿತ್ತು (ಕಮಿಟ್ ಸಂದೇಶ). ಮುಂದೆ ಸಂಕೇತದ ವಿಧಾನ ಬದಲಿಸುವ ಉದ್ದೇಶವೂ ಇದ್ದಿರಬಹುದು (ಊಹೆ).

*2015ರಿಂದ ಮುಂದೆ.* ಹಳೆಯ ಬೈಟ್ ಸಾಲುಗಳನ್ನು ಹೊಸ ರಚನೆಗೆ ಬದಲಿಸುವ ಕೆಲಸ ಕಂತು ಕಂತಾಗಿ ನಡೆಯಿತು. ನಡವಳಿಕೆ ಬದಲಾಗಿಲ್ಲ, ಒಂದೊಂದಾಗಿ ಓದಬೇಕಿಲ್ಲ.

*2017 ಮೇ, 2.13.* ನಕಲಿ ಜೋಡಿ ಪತ್ತೆಹಚ್ಚುವ ಎಸ್‌ಎಚ್‌ಎ-1 ತಾನಾಗಿ ಚಾಲ್ತಿಗೆ (ಬಿಡುಗಡೆ ಟಿಪ್ಪಣಿ). ಹಿನ್ನೆಲೆ: ಫೆಬ್ರುವರಿಯ ಶ್ಯಾಟರ್ಡ್.

*2017–18.* ಹೊಸ ವಿಧಾನಕ್ಕೆ ಹೋಗುವ ಯೋಜನೆ. ಎಸ್‌ಎಚ್‌ಎ-256 ಆಯ್ಕೆ (ವಿನ್ಯಾಸ ದಾಖಲೆ).

*2020 ಅಕ್ಟೋಬರ್, 2.29.* ಎಸ್‌ಎಚ್‌ಎ-256 ಬಳಸುವ ರೆಪಾಸಿಟರಿ ಮಾಡುವುದು ಪ್ರಯೋಗದ ಮಟ್ಟದಲ್ಲಿ ಸಾಧ್ಯವಾಯಿತು. ಸಂಕೇತ ಈಗ 32 ಬೈಟ್, 64 ಅಕ್ಷರ. ಹಳೆಯ ಮತ್ತು ಹೊಸ ಬಗೆಯ ರೆಪಾಸಿಟರಿಗಳ ನಡುವೆ ಕಮಿಟ್‌ಗಳ ವಿನಿಮಯ ಸಾಧ್ಯವಿಲ್ಲ.

*2023 ಆಗಸ್ಟ್, 2.42.* ಇದು ಬರೀ ಪ್ರಯೋಗ ಎಂಬ ಎಚ್ಚರಿಕೆಯ ಧ್ವನಿ ತಗ್ಗಿಸಲಾಯಿತು (ಬಿಡುಗಡೆ ಟಿಪ್ಪಣಿ).

*ನಿಮ್ಮ ಕೆಲಸಕ್ಕೆ.* ಹೊಸ ಕೋಡಿನಲ್ಲಿ 20 ಅಥವಾ 40 ಎಂದು ನೇರವಾಗಿ ಬರೆಯಬೇಡಿ. ಉದ್ದ ರೆಪಾಸಿಟರಿಯಿಂದ ರೆಪಾಸಿಟರಿಗೆ ಬೇರೆಯಾಗುತ್ತದೆ.

ಕೊನೆಯ ನಮೂದು ಯಾವ ಕಮಿಟ್‌ನಲ್ಲೂ ಇದೇ ರೂಪದಲ್ಲಿ ಸಿಗುವುದಿಲ್ಲ. ಆದರೆ ಮೇಲಿನ ಎಲ್ಲ ನಮೂದುಗಳನ್ನು ಓದಿದ್ದಕ್ಕೆ ಹೊಸಬರಿಗೆ ಸಿಗುವ ಫಲ ಅದೇ. ಇದನ್ನು ತಿಳಿಯದೆ ಬರೆದ ಕೋಡ್ ಎಸ್‌ಎಚ್‌ಎ-1 ರೆಪಾಸಿಟರಿಯಲ್ಲಿ ಸರಿಯಾಗಿ ಓಡಿ, ಎಸ್‌ಎಚ್‌ಎ-256 ರೆಪಾಸಿಟರಿಯಲ್ಲಿ ಮುಗ್ಗರಿಸುತ್ತದೆ.

ಇತಿಹಾಸಕ್ಕೂ ಗಡಿ ಇದೆ

ಎಷ್ಟು ಹುಡುಕಿದರೂ ಉತ್ತರ ಸಿಗದ ಜಾಗಗಳು ಇರುತ್ತವೆ. ಲಿನಕ್ಸ್ ಕರ್ನಲ್‌ನ ಗಿಟ್ ಇತಿಹಾಸದಲ್ಲಿ 10 ಲಕ್ಷಕ್ಕೂ ಹೆಚ್ಚು ಕಮಿಟ್‌ಗಳಿವೆ. ಆದರೂ ಅದರ ಹಳೆಯ ಸಾಲುಗಳ ಮೇಲೆ `git blame` ಓಡಿಸಿದರೆ, ಅಂದರೆ ಈ ಸಾಲನ್ನು ಕೊನೆಗೆ ಮುಟ್ಟಿದವರು ಯಾರೆಂದು ಕೇಳಿದರೆ, ಸಾವಿರಾರು ಸಾಲುಗಳಿಗೆ ಒಂದೇ ಉತ್ತರ ಬರುತ್ತದೆ: 2005ರ ಏಪ್ರಿಲ್ 16ರ ಕಮಿಟ್, ಬರೆದವರು ಟೊರ್ವಾಲ್ಡ್ಸ್. ಅಷ್ಟೂ ಸಾಲುಗಳನ್ನು ಅವರು ಒಂದೇ ದಿನ ಬರೆದರೆಂದಲ್ಲ. ಅಂದು 2.6.12-rc2 ಆವೃತ್ತಿಯನ್ನು ಇಡಿಯಾಗಿ ಗಿಟ್‌ಗೆ ತಂದು ಹಾಕಿದ್ದರು. ಅದಕ್ಕೂ ಹಿಂದಿನ ಇತಿಹಾಸವನ್ನು ಬೇಕೆಂದೇ ಹೊರಗಿಟ್ಟಿದ್ದೇವೆ ಎಂದು ಅದೇ ಸಂದೇಶದಲ್ಲಿ ಹೇಳಿದ್ದಾರೆ.

ಕಚೇರಿಯ ರೆಪಾಸಿಟರಿಗಳಲ್ಲೂ ಇಂಥ ಗೋಡೆಗಳು ಇರುತ್ತವೆ. ಬೇರೆ ವ್ಯವಸ್ಥೆಯಿಂದ ಗಿಟ್‌ಗೆ ಬಂದ ದಿನ, ಎರಡು ರೆಪಾಸಿಟರಿಗಳನ್ನು ಒಂದು ಮಾಡಿದ ದಿನ, ಇಡೀ ಕೋಡಿನ ಜೋಡಣೆಯನ್ನು ಉಪಕರಣದಿಂದ ಸರಿಪಡಿಸಿದ ದಿನ. ಒಂದೇ ದಿನಾಂಕ, ಒಂದೇ ಹೆಸರು, ನೂರಾರು ಕಡತಗಳು ಎಂದು ಕಂಡರೆ ಅದು ಗೋಡೆಯೇ ಎಂದು ತಿಳಿಯಬೇಕು. ಮೂರನೆಯ ಬಗೆಯದನ್ನು ದಾಟಬಹುದು. ಅಂಥ ಕಮಿಟ್‌ಗಳ ಸಂಕೇತಗಳನ್ನು ಒಂದು ಕಡತದಲ್ಲಿ ಪಟ್ಟಿ ಮಾಡಿ `git blame --ignore-revs-file` ಎಂದು ಕೊಟ್ಟರೆ ಗಿಟ್ ಅವನ್ನು ದಾಟಿ ಹಿಂದಿನ ಬರಹಗಾರರನ್ನು ತೋರಿಸುತ್ತದೆ. ಮೊದಲ ಎರಡು ಬಗೆಯ ಗೋಡೆಗಳಿಗೆ ಅಂಥ ದಾರಿ ಇಲ್ಲದಿದ್ದರೆ, ಅದಕ್ಕಿಂತ ಹಿಂದಿನದು ಇಲ್ಲಿ ದಾಖಲಾಗಿಲ್ಲ ಎಂದು ಸಾರಾಂಶದಲ್ಲಿ ಒಂದು ಸಾಲು ಬರೆಯುವುದು ಹೊಸಬರ ಎಷ್ಟೋ ಗಂಟೆಗಳ ಹುಡುಕಾಟವನ್ನು ಉಳಿಸುತ್ತದೆ.

ಸಾರಾಂಶ ಸರಿ ಇದೆಯೇ ಎಂದು ನೋಡಲು, ಅದನ್ನು ಬರೆಯದ ಹಳಬರೊಬ್ಬರ ಕೈಗೆ ಕೊಟ್ಟು, ಪ್ರತಿ ಕಾರಣದ ಪಕ್ಕದ ಆಧಾರವನ್ನು ತೆರೆದು ನೋಡಲು ಹೇಳಬೇಕು. ಕಾರಣಕ್ಕಿಂತ ಪರಿಣಾಮ ಮೊದಲೇ ಬಂದಿದ್ದರೆ ಆ ಸಾಲು ತಪ್ಪು. ಒಮ್ಮೆ ಮಾಡಿ ಆಮೇಲೆ ಹಿಂತೆಗೆದುಕೊಂಡ ಬದಲಾವಣೆಗಳು ಇನ್ನೂ ಚಾಲ್ತಿಯಲ್ಲಿವೆ ಎಂಬಂತೆ ಪುಟದಲ್ಲಿ ಉಳಿದುಕೊಂಡಿರುವುದೂ ಉಂಟು. `git log --grep='^Revert'` ಎಂದು ಹುಡುಕಿದರೆ ಅಂಥ ಹೆಚ್ಚಿನವು ಕೈಗೆ ಸಿಗುತ್ತವೆ.

ಪುಟವನ್ನು ಇಡಬೇಕಾದ ಜಾಗ ರೆಪಾಸಿಟರಿಯೇ. ಅದರ ತಲೆಯಲ್ಲಿ ಯಾವ ಕಮಿಟ್‌ವರೆಗಿನ ಇತಿಹಾಸ ಇದರಲ್ಲಿದೆ ಎಂದು ಸಂಕೇತ ಸಮೇತ ಬರೆದಿಟ್ಟರೆ, ಆರು ತಿಂಗಳ ನಂತರ ಇನ್ನೊಬ್ಬರು ಮೊದಲಿನಿಂದ ಶುರುಮಾಡಬೇಕಿಲ್ಲ. ಆ ಸಂಕೇತವನ್ನು `HASH` ಇರುವಲ್ಲಿ ಹಾಕಿ `git log --first-parent HASH..HEAD` ಎಂದು ಕೇಳಿದರೆ ಅಲ್ಲಿಂದ ಈಚೆಗೆ ಬಂದ ಕಮಿಟ್‌ಗಳಷ್ಟೇ ಬರುತ್ತವೆ. ಅವನ್ನು ಖಾತೆಗೆ ಏರಿಸಿ, ತಲೆಯ ಮೇಲಿನ ಸಂಕೇತವನ್ನು ಬದಲಿಸಿದರೆ ಪುಟ ಆ ದಿನದವರೆಗೆ ಸರಿಹೊಂದುತ್ತದೆ.